ಸ್ವಂತ ಕೆಲಸದಿಂದ ಸಂಬಳದ ಕೆಲಸಕ್ಕೆ: ಅರ್ಜಿಯಲ್ಲಿ ಏನು ಬರೆಯಬೇಕು?

ವರ್ಷಗಟ್ಟಲೆ ಸ್ವಂತ ಕೆಲಸ ಮಾಡಿಕೊಂಡಿದ್ದವರು ನೌಕರಿಗೆ ಅರ್ಜಿ ಹಾಕಿದಾಗ ಸಂದರ್ಶಕರಿಗೆ ಮುಖ್ಯವಾಗಿ ಎರಡು ಸಂದೇಹ ಮೂಡುತ್ತವೆ: ಇವರು ಇನ್ನೊಬ್ಬರ ಮಾತು ಕೇಳುತ್ತಾರೆಯೇ, ಕೆಲವೇ ತಿಂಗಳಲ್ಲಿ ಬಿಟ್ಟು ಹೋಗುತ್ತಾರೆಯೇ? ‘ಸ್ವತಂತ್ರವಾಗಿ ಕೆಲಸ ಮಾಡಬಲ್ಲೆ’ ಎಂದಷ್ಟೇ ಬರೆದರೆ ಮೊದಲನೆಯ ಸಂದೇಹ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಹುಬ್ಬಳ್ಳಿಯಲ್ಲಿ 2019ರಿಂದ ಮಸಾಲೆ ಪುಡಿ, ಚಟ್ನಿಪುಡಿ ತಯಾರಕರಿಗೆ ಪೊಟ್ಟಣಗಳ ವಿನ್ಯಾಸ ಮಾಡುತ್ತಿದ್ದವರೊಬ್ಬರು ಬೆಂಗಳೂರಿನ ಆಹಾರ ಕಂಪನಿಯೊಂದಕ್ಕೆ ಅರ್ಜಿ ಹಾಕುತ್ತಿದ್ದಾರೆ ಎಂದಿಟ್ಟುಕೊಳ್ಳೋಣ. ಅವರು ಮೊದಲು ಮಾಡಬೇಕಾದದ್ದು, ಬಯೋಡೇಟಾದಲ್ಲಿರುವ ‘ಫ್ರೀಲ್ಯಾನ್ಸ್ ಡಿಸೈನರ್, 2019–2025’ ಎಂಬ ಒಂಟಿ ಸಾಲನ್ನು ಬಿಡಿಸಿ ಬರೆಯುವುದು. ಯಾರಿಗಾಗಿ, ಯಾವ ಕೆಲಸ, ಯಾವ ತೀರ್ಮಾನ ತಮ್ಮದಾಗಿತ್ತು, ಯಾವುದಕ್ಕೆ ಗ್ರಾಹಕರ ಒಪ್ಪಿಗೆ ಪಡೆದರು ಎಂಬುದು ಅಲ್ಲಿ ಕಾಣಬೇಕು. ಉದಾಹರಣೆಗೆ ಹೀಗೆ ಬರೆಯಬಹುದು: ‘ಮುದ್ರಣದ ಸಿಲಿಂಡರ್ ಕೆತ್ತಿಸುವ ಮುನ್ನ ಅಂತಿಮ ಪ್ರೂಫ್ ಪರಿಶೀಲಿಸುವಾಗ, 14 ಅಂಕಿಗಳ ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆಯಲ್ಲಿ ಒಂದು ಅಂಕಿ ಬಿಟ್ಟುಹೋಗಿರುವುದನ್ನು ಗುರುತಿಸಿ, ಕೆಲಸ ತಡೆದು, ಮಾಲೀಕರಿಂದ ಲಿಖಿತ ಒಪ್ಪಿಗೆ ಪಡೆದು ತಿದ್ದಿಸಿದೆ.’ ಕೆತ್ತಿದ ಸಿಲಿಂಡರ್ ಬದಲಿಸುವ ಖರ್ಚು ಆ ಕ್ಷೇತ್ರದವರಿಗೆ ಗೊತ್ತೇ ಇರುತ್ತದೆ. ಯಾರೂ ಹೇಳದಿದ್ದರೂ ತಡೆದದ್ದು, ಆದರೆ ಕೇಳದೆ ಬದಲಿಸದೇ ಇದ್ದದ್ದು, ಎರಡೂ ಈ ಒಂದೇ ವಾಕ್ಯದಲ್ಲಿವೆ. ‘ನಾನೇ ಬಾಸ್ ಆಗಿದ್ದೆ’ ಎಂಬ ಧಾಟಿಯಲ್ಲಿ ಬರೆದ ಪುಟಗಟ್ಟಲೆ ವಿವರಕ್ಕಿಂತ ಇದಕ್ಕೆ ಬೆಲೆ ಹೆಚ್ಚು.

ಎರಡನೆಯ ಹೆಜ್ಜೆ ದಾಖಲೆ. ಸ್ವಂತ ಕೆಲಸದವರ ಬಳಿ ರಿಲೀವಿಂಗ್ ಲೆಟರ್ ಆಗಲಿ ಸಂಬಳದ ಚೀಟಿಯಾಗಲಿ ಇರುವುದಿಲ್ಲ. ಹಿನ್ನೆಲೆ ಪರಿಶೀಲನೆಯ ಹಂತದಲ್ಲಿ ಅರ್ಜಿ ಸಿಕ್ಕಿಬೀಳುವುದು ಇಲ್ಲಿಯೇ. ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಸಿಗುವ 26ಎಎಸ್ ಪಟ್ಟಿಯಲ್ಲಿ, ಟಿಡಿಎಸ್ ಕಡಿತ ಮಾಡಿ ಹಣ ಕೊಟ್ಟ ಗ್ರಾಹಕರ ಹೆಸರು ವರ್ಷವಾರು ಇರುತ್ತದೆ. ಸಣ್ಣ ತಯಾರಕರು ಅನೇಕ ವೇಳೆ ಟಿಡಿಎಸ್ ಕಡಿತ ಮಾಡಬೇಕಾಗಿರುವುದಿಲ್ಲ. ಅಂಥವರ ಕೆಲಸಕ್ಕೆ ಬಿಲ್ಲನ್ನೂ ಅದರ ಹಣ ಜಮೆಯಾದ ಬ್ಯಾಂಕ್ ಪುಟವನ್ನೂ ಜೋಡಿಸಿ, ಇಬ್ಬರು ಹಳೆಯ ಗ್ರಾಹಕರಿಂದ ಅವಧಿ ನಮೂದಿಸಿದ ಪತ್ರ ಪಡೆದಿಟ್ಟುಕೊಳ್ಳಬೇಕು.

‘ಈಗೇಕೆ ನೌಕರಿ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ವ್ಯಾಪಾರ ಇಳಿದಿದ್ದರೆ ಅದನ್ನು ಮುಚ್ಚಿಡಬೇಕಾಗಿಲ್ಲ, ಆದರೆ ಉತ್ತರ ಅಲ್ಲಿಗೇ ನಿಲ್ಲಬಾರದು. ಒಬ್ಬರಿಂದಲೇ ಆಗದ, ತಂಡವಿದ್ದರೆ ಮಾತ್ರ ಸಾಧ್ಯವಾಗುವ ಒಂದು ನಿರ್ದಿಷ್ಟ ಕೆಲಸವನ್ನು ಹೆಸರಿಸಬೇಕು: ಒಂದೇ ಬ್ರ್ಯಾಂಡಿನ ಹತ್ತಾರು ಉತ್ಪನ್ನಗಳಿಗೆ ಒಂದೇ ಬಗೆಯ ವಿನ್ಯಾಸ ರೂಪಿಸುವುದು ಅಂಥದ್ದು. ಈಗಿರುವ ಗ್ರಾಹಕರ ಕೆಲಸ ಯಾವ ದಿನಾಂಕಕ್ಕೆ ಮುಗಿಯುತ್ತದೆ ಎಂಬುದನ್ನೂ ತಾವಾಗಿಯೇ ಹೇಳಿಬಿಡಬೇಕು, ಏಕೆಂದರೆ ಬಹುತೇಕ ನೇಮಕಾತಿ ಪತ್ರಗಳು ಹೊರಗಿನ ಕೆಲಸವನ್ನು ನಿಷೇಧಿಸುತ್ತವೆ.

ಸಂಬಳದ ಮಾತು ಬಂದಾಗ ಒಟ್ಟು ಬಿಲ್ಲಿನ ಮೊತ್ತವನ್ನು ಹೇಳಬಾರದು. ಸಾಫ್ಟ್‌ವೇರ್ ಶುಲ್ಕ, ಬಾಡಿಗೆ, ಓಡಾಟದ ಖರ್ಚು ಕಳೆದು ಉಳಿದ ವರ್ಷದ ಲಾಭವನ್ನು ಹೇಳಬೇಕು. ಅದು ಸಲ್ಲಿಸಿದ ತೆರಿಗೆ ರಿಟರ್ನ್‌ಗೆ ತಾಳೆಯಾಗುವಂತಿರಬೇಕು.