ಕಾರಿನ ಬ್ಯಾಟರಿಗೆ ಎಷ್ಟು ಆಯಸ್ಸು ಉಳಿದಿದೆ? ನೀವೇ ನೋಡಿಕೊಳ್ಳಿ

ಚಳಿ ಪ್ರದೇಶಗಳಲ್ಲಿ ಎಂಜಿನ್ ಆಯಿಲ್ ಗಟ್ಟಿಯಾಗಿ ಎಂಜಿನ್ ತಿರುಗಿಸಲು ಹೆಚ್ಚು ಶಕ್ತಿ ಬೇಕಾಗುವುದರಿಂದ, ಸೊರಗಿದ ಬ್ಯಾಟರಿ ಚಳಿಗಾಲದಲ್ಲೇ ಸಿಕ್ಕಿಬೀಳುತ್ತದೆ. ಬೆಂಗಳೂರಿನಲ್ಲಿ ಆಯಿಲ್ ಅಷ್ಟು ಗಟ್ಟಿಯಾಗುವುದಿಲ್ಲವಾದ್ದರಿಂದ ಬಹುಪಾಲು ಸವೆದ ಬ್ಯಾಟರಿಯೂ ಕಾರನ್ನು ಸಲೀಸಾಗಿ ಸ್ಟಾರ್ಟ್ ಮಾಡುತ್ತಿದ್ದು, ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಕೈಕೊಡುತ್ತದೆ. ನಮ್ಮೂರ ಹವೆ ತಂಪು ಎಂಬ ಹೆಮ್ಮೆಯೂ ಬಾನೆಟ್ಟಿನ ಕೆಳಗೆ ನಡೆಯುವುದಿಲ್ಲ: ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ನಿಂತ ಕಾರಿಗೆ ಗಾಳಿಯಾಡುವುದಿಲ್ಲ, ಮತ್ತು ಬಿಸಿ ಸುಮಾರು 10 ಡಿಗ್ರಿ ಏರಿದರೆ ಒಳಗಿನ ಸೀಸದ ಜಾಲರಿ ಸವೆಯುವ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ.

ಮೊದಲು ತಯಾರಿಕೆಯ ದಿನಾಂಕವನ್ನು ಹುಡುಕಿ. ಮುಚ್ಚಳದ ಮೇಲೋ ಪಕ್ಕದಲ್ಲೋ ಒತ್ತಿರುವ ಸಂಕೇತದಲ್ಲಿ ಸಾಮಾನ್ಯವಾಗಿ ಅಕ್ಷರವು ತಿಂಗಳನ್ನೂ ಅಂಕಿಯು ವರ್ಷದ ಕೊನೆಯ ಅಂಕಿಯನ್ನೂ ಸೂಚಿಸುತ್ತದೆ. A ಎಂದರೆ ಜನವರಿ, ಆದ್ದರಿಂದ D2 ಎಂದರೆ 2022ರ ಏಪ್ರಿಲ್. ಎಲ್ಲ ಕಂಪನಿಗಳೂ ಇದೇ ಪದ್ಧತಿ ಅನುಸರಿಸುವುದಿಲ್ಲವಾದ್ದರಿಂದ ವಾರಂಟಿ ಕಾರ್ಡಿನೊಂದಿಗೆ ಹೋಲಿಸಿ ನೋಡಬೇಕು.

ಅನಂತರ ಲೇಬಲ್ಲಿನಲ್ಲಿ ಸಿಸಿಎ, ಅಂದರೆ ಕೋಲ್ಡ್ ಕ್ರ್ಯಾಂಕಿಂಗ್ ಆಂಪ್ಸ್, ಸಂಖ್ಯೆಯನ್ನು ನೋಡಿ. ಎಸ್‌ಎಇ ಎಂಬ ಅಮೆರಿಕದ ವಾಹನ ಎಂಜಿನಿಯರುಗಳ ಸಂಸ್ಥೆಯ ಮಾನದಂಡದ ಪ್ರಕಾರ, ಪೂರ್ಣ ಚಾರ್ಜ್ ಆದ ಬ್ಯಾಟರಿಯು ಮೈನಸ್ 18 ಡಿಗ್ರಿಯಲ್ಲಿ 7.2 ವೋಲ್ಟ್‌ಗಿಂತ ಕೆಳಗಿಳಿಯದೆ 30 ಸೆಕೆಂಡು ಕೊಡಬಲ್ಲ ಕರೆಂಟೇ ಸಿಸಿಎ. ಅಂಥ ಚಳಿ ನಮಗಿಲ್ಲ. ಆದರೂ ಪ್ಲೇಟುಗಳು ಸವೆದಂತೆ ಈ ಸಂಖ್ಯೆ ಇಳಿಯುವುದರಿಂದ ಅದು ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ.

ಜಯನಗರದ ನನ್ನ ನೆರೆಯವರ ಕಾರಿನ ಬ್ಯಾಟರಿಯಲ್ಲಿ ಇದ್ದದ್ದು D2, ಲೇಬಲ್ಲಿನಲ್ಲಿ 360 ಎಸ್‌ಎಇ. 2025ರ ಫೆಬ್ರುವರಿಯಲ್ಲಿ ಗ್ಯಾರೇಜಿನವರು ಸಿಸಿಎ ಅಂದಾಜಿಸುವ ಕೈಟೆಸ್ಟರ್ ಹಚ್ಚಿ, 'ಬ್ಯಾಟರಿ ಚೆನ್ನಾಗಿದೆ ಸಾರ್, ಶೇ 87' ಎಂದರು. ಪರದೆಯನ್ನು ಮತ್ತೊಮ್ಮೆ ನೋಡಿದಾಗ ಅಳತೆ 262 ಬಂದಿತ್ತು, ಆದರೆ ಹೋಲಿಕೆಗೆ ಟೆಸ್ಟರಿಗೆ ಕೊಡಬೇಕಾದ ಲೇಬಲ್ ಸಂಖ್ಯೆಯನ್ನು ಅದಕ್ಕೂ ಮೊದಲು ಪರೀಕ್ಷಿಸಿದ ಕಾರಿನ 300ರಲ್ಲೇ ಬಿಟ್ಟಿದ್ದರು. ಅದನ್ನು 360ಕ್ಕೆ ತಿದ್ದಿದಾಗ ಶೇ 73 ಎಂದಾಯಿತು. ಇಎನ್ ಎಂಬ ಬೇರೆ ಮಾನದಂಡವನ್ನು ಆರಿಸಿದರೂ ಇಂಥದೇ ಎಡವಟ್ಟಾಗುತ್ತದೆ.

ಚಾರ್ಜ್ ಕಡಿಮೆಯಿದ್ದರೆ ಒಳ್ಳೆಯ ಬ್ಯಾಟರಿಯೂ ಕಡಿಮೆ ತೋರಿಸುತ್ತದೆ. ಆದ್ದರಿಂದ ರಾತ್ರಿಯಿಡೀ ನಿಂತ ಕಾರಿನಲ್ಲಿ, ಸ್ಟಾರ್ಟ್ ಮಾಡುವ ಮೊದಲೇ, ವೋಲ್ಟ್ ಅಳೆಯಬೇಕು. 12.6ರ ಆಸುಪಾಸಿನಲ್ಲಿದ್ದರೆ ಮಾತ್ರ ಟೆಸ್ಟರಿನ ಮಾತಿಗೆ ಬೆಲೆ, 12.4ಕ್ಕಿಂತ ಕೆಳಗಿದ್ದರೆ ಚಾರ್ಜ್ ಮಾಡಿಸಿ ಮತ್ತೆ ಅಳೆಯಿರಿ. ಟೆಸ್ಟರು ಒಳಗಿನ ವಾಹಕತೆಯಿಂದ ಅಂದಾಜು ಮಾಡುತ್ತದೆಯೇ ಹೊರತು ನಿಜವಾಗಿ ಅಷ್ಟು ಕರೆಂಟ್ ಎಳೆದು ನೋಡುವುದಿಲ್ಲ. ಹೀಗಾಗಿ ಒಂದು ಅಳತೆಗಿಂತ ಆರು ತಿಂಗಳ ಅಂತರದ ಎರಡು ಅಳತೆಗಳನ್ನು ನಾನು ಹೆಚ್ಚು ನಂಬುತ್ತೇನೆ.

ನೆರೆಯವರ ಬ್ಯಾಟರಿ ಆ ಬೆಳಿಗ್ಗೆ 12.62 ವೋಲ್ಟ್ ತೋರಿಸಿತ್ತು, ಅಂದರೆ ಇಳಿದದ್ದು ಚಾರ್ಜ್ ಅಲ್ಲ. ಮೂರು ವರ್ಷ ಸಮೀಪಿಸಿದ ವಯಸ್ಸು, ಶೇ 73ರ ಅಳತೆ, ಎದುರಿಗೆ ಬೇಸಿಗೆ ಎಂದು ಲೆಕ್ಕ ಹಾಕಿ ಅವರು ಮಾರ್ಚ್‌ನಲ್ಲೇ ಜೆ.ಸಿ. ರಸ್ತೆಗೆ ಹೋಗಿ, ಜನವರಿಯಲ್ಲಿ ತಯಾರಾದ A5 ಬ್ಯಾಟರಿಯನ್ನು ಆರಿಸಿ, ಅದರ ಮೊದಲ ಸಿಸಿಎ ಅಳತೆಯನ್ನು ವಾರಂಟಿ ಕಾರ್ಡಿನ ಹಿಂದೆ ಬರೆಸಿಕೊಂಡು ಬಂದರು.