‘ನಾಣ್ಯದಂಗ’ ಅಂದ್ರ ಅಳತೆ ಅಲ್ರಿ

ವಿಜಯಪುರದಾಗ ಚರ್ಮದ ಡಾಕ್ಟರ ಹತ್ರ ಟೈಪಿಂಗ್ ಮಾಡೋರಿಗೆ ಒಂದು ಮಾತು. ಮೊನ್ನೆ ನಮ್ಮ ಡಾಕ್ಟರು ಒಬ್ಬ ರೋಗಿಯ ಚರ್ಮದ ಮ್ಯಾಲಿನ ಕಲೆಗಳನ್ನ ನೋಡ್ತಾ ಹೇಳಿದ್ದು: “ಎರಡೂ ಮೊಣಕಾಲ ಕೆಳಗ, ನಾಣ್ಯದಂಗ, ಕೆಂಪು, ಅಲ್ಲಲ್ಲಿ.” ನಾನು ‘ನಾಣ್ಯ’ ಅಂತ ರೋಗಿಯ ದಾಖಲೆಯ ಅಳತೆ ಕಾಲಂನಾಗ ಹಾಕಿಬಿಟ್ಟೆ. ಅವರು ಹೇಳಿದ್ದು ಆಕಾರ, ದುಂಡಗ ಅದಾವು ಅಂತ. ಅಳತೆ ಹೇಳಿರಲೇ ಇಲ್ಲ. ಕೇಳಿದ ಮ್ಯಾಲೆ ಸ್ಕೇಲ್ ಹಿಡಿದ್ರು: ಸಣ್ಣದು 15, ದೊಡ್ಡದು 30 ಮಿಲಿಮೀಟರ್. ಎರಡೂ ಬರೀರಿ, ಸರಾಸರಿ ತೆಗೀಬ್ಯಾಡ್ರಿ.

ಡಾಕ್ಟರು ಮೊದಲು ಹೇಳಿದ ‘ಎರಡೂ ಮೊಣಕಾಲ’ ಅನ್ನೋದು ಎರಡು ಕಾಲಂಗೆ ಹೋಗ್ತದ. ಜಾಗದಾಗ ‘ಎಡ ಮತ್ತು ಬಲ ಮೊಣಕಾಲ ಕೆಳಗೆ’, ಹಂಚಿಕೆಯಾಗ ‘ಎರಡೂ ಕಡೆ, ಬಿಡಿಬಿಡಿಯಾಗಿ’. ಎರಡೂ ಕಡೆ ಅದಾವಂತ ‘ಸಮರೂಪ’ ಅಂತ ನೀವಾಗೇ ಬರೀಬ್ಯಾಡ್ರಿ; ಒಂದು ಕಾಲಾಗ ಎಂಟು, ಇನ್ನೊಂದರಾಗ ಒಂದೇ ಇರಬಹುದು. ಅದನ್ನ ಡಾಕ್ಟರೇ ಹೇಳಬೇಕು.