ಕಂತು ಅಷ್ಟೇ ಇತ್ತು, ಅಸಲು ಕರಗುವುದು ನಿಂತಿತ್ತು

2021ರ ಏಪ್ರಿಲ್‌ನಲ್ಲಿ ಮೈಸೂರಿನಲ್ಲಿ ಮನೆ ಕೊಳ್ಳಲು 30 ಲಕ್ಷ ರೂಪಾಯಿ ಸಾಲ ಪಡೆದೆ. ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ ದರವಾದ ರೆಪೊ ದರ ಆಗ ಶೇ 4 ಇತ್ತು. ಬ್ಯಾಂಕು ಅದರ ಮೇಲೆ ಶೇ 2.75 ಸೇರಿಸಿ, ರೆಪೊ ಜೊತೆ ಏರಿಳಿಯುವ ಶೇ 6.75ರ ಫ್ಲೋಟಿಂಗ್ ದರದಲ್ಲಿ 20 ವರ್ಷಕ್ಕೆ 22,811 ರೂಪಾಯಿ ಕಂತು ಗೊತ್ತುಮಾಡಿತು. ಸ್ಥಿರ ದರ ಶೇ 8.5 ಇತ್ತು. ಅದೂ ಮೊದಲ ಐದು ವರ್ಷಕ್ಕೆ ಮಾತ್ರ ಸ್ಥಿರವೆಂದು ಒಪ್ಪಂದದಲ್ಲಿ ಓದಿದ ಮೇಲೆ, ತಿಂಗಳಿಗೆ ಮೂರು ಸಾವಿರಕ್ಕೂ ಮಿಕ್ಕಿ ಹೆಚ್ಚು ಕಟ್ಟಲು ನನಗೆ ಮನಸ್ಸಾಗಲಿಲ್ಲ.

2022ರ ಮೇ ತಿಂಗಳಿಂದ 2023ರ ಫೆಬ್ರುವರಿಯೊಳಗೆ ರಿಸರ್ವ್ ಬ್ಯಾಂಕು ರೆಪೊ ದರವನ್ನು ಶೇ 6.5ಕ್ಕೆ ಏರಿಸಿತು. ನನ್ನ ಖಾತೆಯಿಂದ ಮಾತ್ರ ಪ್ರತಿ ತಿಂಗಳೂ ಅದೇ 22,811 ರೂಪಾಯಿ ಕಡಿತವಾಗುತ್ತಿದ್ದುದರಿಂದ ಏನೂ ಬದಲಾಗಿಲ್ಲವೆಂದೇ ನಂಬಿದ್ದೆ. 2023ರ ಏಪ್ರಿಲ್ ಕಂತಿನ ವಿವರ ತೆಗೆದು ನೋಡಿದಾಗ ಎದೆ ಧಸಕ್ಕೆಂದಿತು: ದರ ಶೇ 9.25, ಬಡ್ಡಿಗೆ 22,292, ಅಸಲಿಗೆ ಕೇವಲ 519 ರೂಪಾಯಿ. ದರ ಇನ್ನು ಶೇ 0.25 ಏರಿದ್ದರೆ ಕಂತು ಬಡ್ಡಿಗೂ ಸಾಲದೆ, ಕಟ್ಟುತ್ತಿದ್ದರೂ ಸಾಲ ಬೆಳೆಯುತ್ತಿತ್ತು.

ದರ ಏರಿದಾಗ ಬ್ಯಾಂಕು ನನ್ನ ಕಂತನ್ನು ಮುಟ್ಟದೆ ಅವಧಿಯನ್ನು ಹಿಗ್ಗಿಸಿತ್ತು. ಆಗ ಬಾಕಿ ಇದ್ದ ಅಸಲು 28,91,940 ರೂಪಾಯಿಯನ್ನು ಇಟ್ಟುಕೊಂಡು ಎಕ್ಸೆಲ್‌ನಲ್ಲಿ ನಾನೇ ಲೆಕ್ಕ ಹಾಕಿದೆ:

```
=NPER(9.25%/12,-22811,2891940)
=PMT(9.25%/12,217,-2891940)
```

ಮೊದಲನೆಯದಕ್ಕೆ ಬಂದ ಉತ್ತರ ಸುಮಾರು 493 ತಿಂಗಳು, ಅಂದರೆ 41 ವರ್ಷ. ಮೂಲ ಅವಧಿಯಲ್ಲಿ ಉಳಿದಿದ್ದದ್ದು 217 ತಿಂಗಳು. ಅಷ್ಟರಲ್ಲೇ ಮುಗಿಸಬೇಕಾದರೆ ಕಂತು ಸುಮಾರು 27,485 ಆಗಬೇಕೆಂದು ಎರಡನೆಯದು ತೋರಿಸಿತು. ಹಳೆಯ ಕಂತಿನಲ್ಲೇ ಮುಂದುವರಿದರೆ ಒಟ್ಟು 1.12 ಕೋಟಿ, ಕಂತು ಏರಿಸಿದರೆ 60 ಲಕ್ಷಕ್ಕೂ ತುಸು ಕಡಿಮೆ. ಇಷ್ಟು ದೊಡ್ಡ ಅಂತರ ಬ್ಯಾಂಕು ಕಳಿಸಿದ್ದ ಒಂದು ಸಣ್ಣ ಎಸ್‌ಎಂಎಸ್‌ನಲ್ಲಿ ಅಡಗಿದ್ದದ್ದು ನನಗೆ ಇಂದಿಗೂ ನೋವಿನ ಸಂಗತಿ.

ನನ್ನ ಸಂಬಳಕ್ಕೆ 27,485 ಭಾರವಾಗುತ್ತಿತ್ತು. ಆದ್ದರಿಂದ ಠೇವಣಿ ಮುರಿಸಿ 2 ಲಕ್ಷ ರೂಪಾಯಿ ಅಸಲಿಗೆ ಕಟ್ಟಿ, ಕಂತನ್ನು 26,000ಕ್ಕೆ ಏರಿಸಲು ಲಿಖಿತವಾಗಿ ಕೋರಿದೆ. ಫ್ಲೋಟಿಂಗ್ ದರದ ಗೃಹಸಾಲವಾದ್ದರಿಂದ ಮುಂಗಡ ಪಾವತಿಗೆ ದಂಡವಿರಲಿಲ್ಲ. ಕಟ್ಟಿದ ಹಣಕ್ಕೆ ತಕ್ಕಂತೆ ಅವಧಿ ಇಳಿಸಬೇಕು, ಕಂತನ್ನಲ್ಲ ಎಂದು ಅರ್ಜಿಯಲ್ಲಿ ಬರೆಯಲು ಮರೆಯಲಿಲ್ಲ. ಬರೆಯದಿದ್ದರೆ ಕಂತು ಇಳಿಯುವ ಸಂಭವವಿತ್ತು. ಉಳಿದ ಅವಧಿ 208 ತಿಂಗಳಿಗೆ ಬಂತು.

ದರ ಪರಿಷ್ಕರಣೆಯ ವೇಳೆ ಕಂತು ಏರಿಸುವುದೋ, ಅವಧಿ ಹಿಗ್ಗಿಸುವುದೋ, ಎರಡನ್ನೂ ಬೆರೆಸುವುದೋ ಎಂಬ ಆಯ್ಕೆಯನ್ನು ಸಾಲಗಾರರಿಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕು 2023ರ ಆಗಸ್ಟ್‌ನಲ್ಲಿ ಸುತ್ತೋಲೆ ಹೊರಡಿಸಿತು. ನನ್ನ ಅರ್ಜಿ ಅದಕ್ಕೂ ಕೆಲವು ತಿಂಗಳು ಮೊದಲಿನದು.

2025ರಲ್ಲಿ ರೆಪೊ ಇಳಿದು ನನ್ನ ದರ ಶೇ 8.25ಕ್ಕೆ ಬಂದಾಗಲೂ ಕಂತನ್ನು 26,000ದಲ್ಲೇ ಉಳಿಸಿಕೊಂಡೆ. ಆ ವರ್ಷದ ಜುಲೈ ಕಂತಿನಲ್ಲಿ ಅಸಲಿಗೆ ಸುಮಾರು ಎಂಟೂವರೆ ಸಾವಿರ ರೂಪಾಯಿ ಜಮೆಯಾಗಿತ್ತು.